ಕಿರಿಯ ಸಹೋದ್ಯೋಗಿಯ ಉನ್ನತ ವ್ಯಾಸಂಗಕ್ಕೆ ಶಿಫಾರಸು ಪತ್ರ: ಟೀಮ್ ಲೀಡ್ ಏನು ಬರೆಯಬೇಕು?

ಪ್ರಶ್ನೆ: ನಾನು ಸಾಫ್ಟ್‌ವೇರ್ ತಂಡವೊಂದರ ಟೀಮ್ ಲೀಡ್. ಎರಡೂವರೆ ವರ್ಷದಿಂದ ನನ್ನ ಕೈಕೆಳಗೆ ಕೆಲಸ ಮಾಡುತ್ತಿರುವ ಕಿರಿಯ ಸಹೋದ್ಯೋಗಿಯೊಬ್ಬರು ದತ್ತಾಂಶ ವಿಜ್ಞಾನದ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುತ್ತಿದ್ದಾರೆ. ಶಿಫಾರಸು ಪತ್ರ ಕೇಳಿದ್ದಾರೆ. ‘ಅವರು ಶ್ರಮಜೀವಿ, ಸಮಯಪಾಲನೆ ಉಳ್ಳವರು, ಎಲ್ಲರೊಂದಿಗೆ ಹೊಂದಿಕೊಂಡು ಹೋಗುತ್ತಾರೆ’ ಎಂದು ಬರೆದೆ. ಓದಿದರೆ ನನಗೇ ಸಪ್ಪೆ ಎನಿಸುತ್ತದೆ. ತಿಂಗಳ ಲೆಕ್ಕದ ವರದಿಯಲ್ಲಿದ್ದ ಹಳೆಯ ಗೊಂದಲವೊಂದನ್ನು ಅವರು ಬಿಡಿಸಿದ್ದು ನೆನಪಿದೆ, ಅದನ್ನು ಹಾಕಬಹುದೇ? ಅವರ ಪದವಿಯ ಅಂಕಗಳು ಅಷ್ಟಕ್ಕಷ್ಟೆ, ಅದರ ಬಗ್ಗೆ ಏನಾದರೂ ಹೇಳಬೇಕೇ? ಪೋರ್ಟಲ್‌ನಲ್ಲಿ ‘ಮೊದಲ ಶೇ. 1, ಶೇ. 5, ಶೇ. 10’ ಎಂದು ಗುರುತು ಹಾಕಲು ಕೇಳುತ್ತಾರಂತೆ. ಬೇಕಾದರೆ ಪತ್ರವನ್ನು ತಾವೇ ಬರೆದು ತರುತ್ತೇನೆ ಎಂದೂ ಹೇಳಿದ್ದಾರೆ.

ಉತ್ತರ: ನಿಮ್ಮ ಕರಡು ಸಪ್ಪೆಯಾಗಿರುವುದು ಭಾಷೆಯಿಂದಲ್ಲ. ಮುಂದಿನ ಕಂಪನಿಯ ಮ್ಯಾನೇಜರ್ ಓದುತ್ತಾರೆ ಎಂದುಕೊಂಡು ಅದನ್ನು ಬರೆದಿದ್ದೀರಿ. ಓದುವವರು ಪ್ರಾಧ್ಯಾಪಕರು. ಹೊತ್ತಿಗೆ ಸರಿಯಾಗಿ ಕಚೇರಿಗೆ ಬರುವವರನ್ನು ಅವರು ಹುಡುಕುತ್ತಿಲ್ಲ. ಉತ್ತರ ಗೊತ್ತಿಲ್ಲದ ಸಮಸ್ಯೆಯೊಂದನ್ನು ಕೈಗೆ ಕೊಟ್ಟರೆ ಈ ವ್ಯಕ್ತಿ ಏನು ಮಾಡುತ್ತಾರೆ, ಸಿಕ್ಕಿದ್ದನ್ನು ಬೇರೆಯವರಿಗೆ ತಿಳಿಯುವಂತೆ ಬರೆಯಬಲ್ಲರೇ, ತಪ್ಪು ಎಂದು ಗೊತ್ತಾದಾಗ ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಅವರಿಗೆ ಬೇಕು. ಅಂಕಪಟ್ಟಿ ಅವರ ಮುಂದೆಯೇ ಇರುತ್ತದೆ. ತರಗತಿಯ ವಿಷಯವನ್ನು ಕಾಲೇಜಿನ ಅಧ್ಯಾಪಕರ ಪತ್ರಗಳು ಹೇಳುತ್ತವೆ. ಉಳಿದದ್ದನ್ನು ಕಣ್ಣಾರೆ ಕಂಡವರು ನೀವೊಬ್ಬರೇ.

ಇಂಥ ಪತ್ರಗಳನ್ನು ಕಂತೆಗಟ್ಟಲೆ ಓದಿದವನಾಗಿ ಒಂದು ಕಹಿ ಮಾತು ಹೇಳುತ್ತೇನೆ. ಸಮಯಪಾಲನೆಯನ್ನು ಹೊಗಳಿದ ಪತ್ರ ಕಂಡರೆ, ಬರೆದವರಿಗೆ ಹೇಳಲು ಬೇರೇನೂ ಇರಲಿಲ್ಲ ಎಂದೇ ಓದುವವರು ಅರ್ಥ ಮಾಡಿಕೊಳ್ಳುತ್ತಾರೆ. ನಿಮ್ಮ ಮನಸ್ಸಿನಲ್ಲಿ ಅದು ಮೆಚ್ಚುಗೆ, ಪ್ರವೇಶ ಸಮಿತಿಯ ಮೇಜಿನ ಮೇಲೆ ಅದು ನಯವಾದ ತಿರಸ್ಕಾರ. ‘ಹೊಂದಿಕೊಂಡು ಹೋಗುತ್ತಾರೆ’ ಎಂಬುದೂ ಹಾಗೆಯೇ. ಆ ಗುಣಗಳು ಇರಬಾರದೆಂದಲ್ಲ. ಅವು ಎಲ್ಲ ಪತ್ರಗಳಲ್ಲೂ ಇರುವುದರಿಂದ ಯಾವ ಅರ್ಜಿದಾರರನ್ನೂ ಗುರುತಿಸಿಕೊಡುವುದಿಲ್ಲ.

ಆದ್ದರಿಂದ ವಿಶೇಷಣಗಳನ್ನು ಬದಿಗಿಟ್ಟು ಒಂದು ಘಟನೆಯನ್ನು ಪೂರ್ತಿಯಾಗಿ ಹೇಳಿ. ಹೆಚ್ಚೆಂದರೆ ಎರಡು. ಆಯ್ಕೆ ಮಾಡುವಾಗ ಅತಿ ದೊಡ್ಡ ಯೋಜನೆಯ ಹಿಂದೆ ಹೋಗಬೇಡಿ. ಹದಿನೈದು ಮಂದಿ ಸೇರಿ ಕಟ್ಟಿದ ವ್ಯವಸ್ಥೆಯಲ್ಲಿ ನಿಮ್ಮ ಕಿರಿಯರ ಪಾಲು ಎಷ್ಟು ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಕೆಲಸ ಚಿಕ್ಕದಾದರೂ ಸರಿ, ತೀರ್ಮಾನ ಅವರದೇ ಆಗಿರಬೇಕು. ನೀವು ಹೇಳಿದ ಲೆಕ್ಕದ ವರದಿಯ ಪ್ರಸಂಗ ಇದಕ್ಕೆ ಹೇಳಿ ಮಾಡಿಸಿದಂತಿದೆ. ದತ್ತಾಂಶ ವಿಜ್ಞಾನ ಓದಲು ಹೊರಟವರಿಗೆ ಇನ್ನೂ ಒಳ್ಳೆಯದು.

ನೆನಪನ್ನು ನಂಬಿ ಬರೆಯಬೇಡಿ. ಆ ಸಮಸ್ಯೆಯನ್ನು ದಾಖಲಿಸಿದ್ದ ಟಿಕೆಟ್ ತೆರೆಯಿರಿ, ಅದರ ಕೆಳಗಿನ ಚರ್ಚೆಯನ್ನು ಓದಿ, ಕೋಡ್ ಪರಿಶೀಲನೆಯಲ್ಲಿ ಬಂದ ಟಿಪ್ಪಣಿಗಳನ್ನು ನೋಡಿ, ಅವರು ಕಳಿಸಿದ ಮಿಂಚಂಚೆಗಳನ್ನು ಹುಡುಕಿ. ವಾರ್ಷಿಕ ಮೌಲ್ಯಮಾಪನದಲ್ಲಿ ನೀವೇ ಬರೆದದ್ದೂ ಸಿಗುತ್ತದೆ. ಒಂದು ಗಂಟೆ ಹೀಗೆ ಕುಳಿತರೆ ಪತ್ರದ ಮುಕ್ಕಾಲು ಭಾಗ ಸಿದ್ಧವಾದಂತೆ. ಸಾಮಾನ್ಯವಾಗಿ ಟೀಮ್ ಲೀಡ್‌ಗಳು ‘ಸಂಕೀರ್ಣ ಸಮಸ್ಯೆಯೊಂದನ್ನು ಸಮರ್ಥವಾಗಿ ಬಗೆಹರಿಸಿದರು’ ಎಂಬ ಒಂದು ಸಾಲಿನಲ್ಲಿ ಇಡೀ ಪ್ರಸಂಗವನ್ನು ಮುಗಿಸಿಬಿಡುತ್ತಾರೆ. ಸಮಸ್ಯೆ ಏನು, ಏಕೆ ಕಷ್ಟ, ಇವರು ಏನು ಮಾಡಿದರು ಎಂಬ ಯಾವುದೂ ಅದರಲ್ಲಿ ಇಲ್ಲ. ಅದೇ ಸಾಲನ್ನು ಬಿಡಿಸಿದರೆ ಹೇಗಿರುತ್ತದೆ ಎಂದು ಕೆಳಗೆ ತೋರಿಸಿದ್ದೇನೆ. ವಿವರಗಳು ನನ್ನ ಊಹೆ, ಆ ಜಾಗದಲ್ಲಿ ನಿಮ್ಮ ಟಿಕೆಟ್‌ನಲ್ಲಿ ಇರುವುದನ್ನು ತುಂಬಿ:

“ನಮ್ಮ ಎರಡು ವ್ಯವಸ್ಥೆಗಳ ತಿಂಗಳ ಲೆಕ್ಕ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ವ್ಯತ್ಯಾಸ ಸಣ್ಣದಾದ ಕಾರಣ ಮೊದಲು ಅದನ್ನು ನೋಡಿದ ಇಬ್ಬರು ಹಿರಿಯ ಎಂಜಿನಿಯರುಗಳು ಮೊತ್ತವನ್ನು ಕೈಯಿಂದ ಸರಿಹೊಂದಿಸಿ ಟಿಕೆಟ್ ಮುಚ್ಚಿದ್ದರು. ಇವರು ಹಿಂದಿನ ಆರು ತಿಂಗಳ ತಾಳೆಯಾಗದ ದಾಖಲೆಗಳನ್ನೆಲ್ಲ ಹೊರತೆಗೆದು, ವೇಳೆಯ ಅನುಕ್ರಮದಲ್ಲಿ ಜೋಡಿಸಿದರು. ಬಹುಪಾಲು ದಾಖಲೆಗಳು ತಿಂಗಳ ಕೊನೆಯ ದಿನದ ಕೆಲವೇ ಗಂಟೆಗಳಿಗೆ ಸೇರಿದ್ದವು. ಎರಡು ಸರ್ವರ್‌ಗಳು ಬೇರೆ ಬೇರೆ ಕಾಲವಲಯದ ಪ್ರಕಾರ ದಿನಾಂಕ ಬದಲಿಸುತ್ತಿರಬಹುದು ಎಂದು ಇವರು ಊಹಿಸಿದರು. ನನ್ನ ಬಳಿ ಬರುವ ಮೊದಲೇ, ಊಹೆ ಸರಿಯಾಗಿದ್ದರೆ ಯಾವ ದಾಖಲೆಗಳು ತಾಳೆಯಾಗಬೇಕು, ಯಾವುವು ಆಗಬಾರದು ಎಂದು ಬರೆದಿಟ್ಟುಕೊಂಡು, ಹಳೆಯ ದತ್ತಾಂಶದ ಪ್ರತಿಯ ಮೇಲೆ ಪರೀಕ್ಷಿಸಿ ನೋಡಿದ್ದರು. ಹೆಚ್ಚಿನವು ತಾಳೆಯಾದವು, ಬೆರಳೆಣಿಕೆಯಷ್ಟು ಉಳಿದವು. ಉಳಿದವನ್ನು ಪಟ್ಟಿ ಮಾಡಿ, ‘ಇವುಗಳಿಗೆ ನನ್ನ ವಿವರಣೆ ಹೊಂದುವುದಿಲ್ಲ’ ಎಂದು ತಮ್ಮ ಎರಡು ಪುಟದ ಟಿಪ್ಪಣಿಯಲ್ಲಿ ತಾವಾಗಿಯೇ ಬರೆದರು. ಅವು ಬೇರೊಂದು ದೋಷದಿಂದ ಬಂದವೆಂದು ಆಮೇಲೆ ಗೊತ್ತಾಯಿತು. ಆ ದೋಷ ಸಿಕ್ಕಿದ್ದು ಈ ಪಟ್ಟಿಯಿಂದಲೇ.”

ಇದರಲ್ಲಿ ‘ಬುದ್ಧಿವಂತರು’, ‘ಪ್ರಾಮಾಣಿಕ’, ‘ವಿಶ್ಲೇಷಣಾ ಸಾಮರ್ಥ್ಯ’ ಎಂಬ ಮಾತುಗಳು ಒಂದೂ ಇಲ್ಲ. ಆದರೆ ಓದಿದ ಪ್ರಾಧ್ಯಾಪಕರು ಆ ಮಾತುಗಳನ್ನು ತಾವೇ ಹೇಳಿಕೊಳ್ಳುತ್ತಾರೆ. ತಾವೇ ತಲುಪಿದ ತೀರ್ಮಾನವನ್ನು ಯಾರೂ ಸುಲಭವಾಗಿ ಅನುಮಾನಿಸುವುದಿಲ್ಲ. ಇಬ್ಬರು ಹಿರಿಯರು ಬಿಟ್ಟದ್ದನ್ನು ಇವರು ಬಿಡಲಿಲ್ಲ ಎಂಬುದು ಕುತೂಹಲವನ್ನು ತೋರಿಸುತ್ತದೆ. ಪರೀಕ್ಷೆಗೆ ಮೊದಲೇ ಫಲಿತಾಂಶ ಹೇಗಿರಬೇಕೆಂದು ಬರೆದಿಟ್ಟುಕೊಂಡದ್ದು ಸಂಶೋಧನೆಯ ಶಿಸ್ತು. ಇಡೀ ಪತ್ರದಲ್ಲಿ ತೂಕದ ಸಾಲು ಮಾತ್ರ ‘ಹೊಂದುವುದಿಲ್ಲ’ ಎಂದು ಒಪ್ಪಿಕೊಂಡದ್ದು. ತನ್ನ ಊಹೆಗೆ ಒಗ್ಗದ ದತ್ತಾಂಶವನ್ನು ಮರೆಮಾಡದ ವಿದ್ಯಾರ್ಥಿ ಸಿಕ್ಕರೆ ಯಾವ ಮಾರ್ಗದರ್ಶಕರೂ ಬಿಡಲಾರರು. ನಿಮ್ಮ ಟಿಕೆಟ್‌ನಲ್ಲಿ ಇಂಥದ್ದೊಂದು ಸಾಲು ಇದೆಯೇ ಎಂದು ಹುಡುಕಿ. ಇದ್ದರೆ ಸಂಕೋಚವಿಲ್ಲದೆ ಹಾಕಿ. ಕೆಲಸ ಪೂರ್ಣವಾಗಲಿಲ್ಲ ಎಂದು ತೋರುತ್ತದೆಯೆಂಬ ಭಯದಿಂದ ಅದನ್ನೇ ಅಳಿಸಿಹಾಕಿದ ಟೀಮ್ ಲೀಡ್‌ಗಳನ್ನು ನೋಡಿದ್ದೇನೆ.

ಮೇಲಿನ ಭಾಗದಲ್ಲಿ ಗ್ರಾಹಕರ ಹೆಸರಿಲ್ಲ, ಮೊತ್ತವಿಲ್ಲ, ವ್ಯವಸ್ಥೆಗಳ ಒಳಗಿನ ಹೆಸರುಗಳೂ ಇಲ್ಲ ಎಂಬುದನ್ನು ಗಮನಿಸಿ. ಗೌಪ್ಯತೆಯ ಒಪ್ಪಂದಕ್ಕೆ ನೀವಿಬ್ಬರೂ ಸಹಿ ಹಾಕಿರುತ್ತೀರಿ, ಪತ್ರ ಹೊರಗೆ ಹೋಗುವ ದಾಖಲೆ. ಕಚೇರಿಯ ಸಂಕ್ಷೇಪಾಕ್ಷರಗಳು ಓದುವವರಿಗೆ ಹೇಗೂ ಅರ್ಥವಾಗುವುದಿಲ್ಲ. ಅಂಕಿಅಂಶ ಕೊಡಲೇಬೇಕೆನಿಸಿದರೆ ‘ವ್ಯತ್ಯಾಸ ಮೊದಲಿದ್ದುದರ ಹತ್ತನೆಯ ಒಂದು ಭಾಗಕ್ಕೆ ಇಳಿಯಿತು’ ಎಂಬಂಥ ಹೋಲಿಕೆ ಸಾಕು.

ಪತ್ರವನ್ನು ತಾವೇ ಬರೆದು ತರುತ್ತೇನೆ ಎಂದದ್ದಕ್ಕೆ ಬೇಡ ಎನ್ನಿ. ಇದು ಎಲ್ಲೆಡೆ ನಡೆಯುವ ಸಂಗತಿ ಎಂಬುದು ನನಗೂ ಗೊತ್ತು. ‘ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ’ ಎಂದು ಕೈತೊಳೆದುಕೊಳ್ಳುವ ಮೇಲಧಿಕಾರಿಗಳಿಗೆ ಕೊರತೆಯಿಲ್ಲ. ನೈತಿಕತೆಯ ಮಾತು ಹಾಗಿರಲಿ, ಇದರಿಂದ ಮೊದಲು ನಷ್ಟವಾಗುವುದು ಅರ್ಜಿದಾರರಿಗೇ. ಈ ಪದವಿ ಏಕೆ ಬೇಕು ಎಂದು ಅವರೇ ಬರೆದ ಉದ್ದೇಶ ಪತ್ರ ಅದೇ ಕಡತದಲ್ಲಿ ಇರುತ್ತದೆ. ಎರಡರಲ್ಲೂ ಅದೇ ವಾಕ್ಯದ ಓಟ, ಅದೇ ಮೆಚ್ಚಿನ ಪದಗಳು, ಅದೇ ಕ್ರಮದಲ್ಲಿ ಅದೇ ಸಾಧನೆಗಳು ಬಂದರೆ ಅಕ್ಕಪಕ್ಕ ಇಟ್ಟು ಓದುವವರಿಗೆ ಥಟ್ಟನೆ ಹೊಳೆಯುತ್ತದೆ. ಆ ಗುಮಾನಿ ಉಳಿದ ಪತ್ರಗಳಿಗೂ ಅಂಟಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಇತರ ಕಿರಿಯರೊಂದಿಗೆ ಹೋಲಿಸಿದರೆ ತಾವು ಎಲ್ಲಿ ನಿಲ್ಲುತ್ತೇವೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ತಾವಿಲ್ಲದ ಸಭೆಯಲ್ಲಿ ತಮ್ಮ ಟಿಪ್ಪಣಿಯ ಬಗ್ಗೆ ಯಾರು ಏನೆಂದರು ಎಂಬುದೂ ತಿಳಿದಿರುವುದಿಲ್ಲ. ಪತ್ರದ ಜೀವ ಇರುವುದೇ ಅಲ್ಲಿ.

ಕರಡಿನ ಬದಲು ಸಾಮಗ್ರಿ ಕೇಳಿ. ಅವರ ಸ್ವವಿವರ, ಉದ್ದೇಶ ಪತ್ರದ ಕರಡು, ಅರ್ಜಿ ಹಾಕುವ ವಿಶ್ವವಿದ್ಯಾಲಯಗಳ ಪಟ್ಟಿ ಮತ್ತು ಪ್ರತಿಯೊಂದರ ಕೊನೆಯ ದಿನಾಂಕ ಇರಲಿ. ಜೊತೆಗೆ ನಿಮ್ಮ ತಂಡದಲ್ಲಿ ತಾವು ಮಾಡಿದ ಕೆಲಸಗಳಲ್ಲಿ ತಮಗೆ ಮುಖ್ಯವೆನಿಸಿದ ನಾಲ್ಕೈದು ಪ್ರಸಂಗಗಳನ್ನು, ಪ್ರತಿಯೊಂದಕ್ಕೂ ಎರಡು ಸಾಲಿನಂತೆ, ಬರೆದು ಕೊಡಲಿ. ಅವರ ಪಟ್ಟಿಯಲ್ಲಿ ಲೆಕ್ಕದ ವರದಿಯ ಪ್ರಸಂಗವೇ ಇಲ್ಲದಿರಬಹುದು. ಆಶ್ಚರ್ಯವಿಲ್ಲ, ಒಳ್ಳೆಯ ಕೆಲಸಗಾರರಿಗೆ ತಮ್ಮ ಒಳ್ಳೆಯ ಅಭ್ಯಾಸಗಳು ಸಾಮಾನ್ಯವಾಗಿಯೇ ಕಾಣುತ್ತವೆ. ಉದ್ದೇಶ ಪತ್ರವನ್ನು ಓದುವುದು ಅದರಿಂದ ನಕಲು ಮಾಡಲಿಕ್ಕಲ್ಲ. ಅಲ್ಲಿ ಅವರು ಒಂದು ಪ್ರಸಂಗವನ್ನು ವಿಸ್ತಾರವಾಗಿ ಹೇಳಿದ್ದರೆ ನೀವು ಇನ್ನೊಂದನ್ನು ಆರಿಸಿಕೊಳ್ಳಬಹುದು, ಅಥವಾ ಅದೇ ಪ್ರಸಂಗ ನಿಮ್ಮ ಕುರ್ಚಿಯಿಂದ ಹೇಗೆ ಕಂಡಿತು ಎಂದು ಹೇಳಬಹುದು.

ಇನ್ನು ಅಂಕಗಳು. ಅವರು ಕಾಲೇಜಿನಲ್ಲಿದ್ದಾಗ ನೀವು ನೋಡಿಲ್ಲ, ಆದ್ದರಿಂದ ಕಡಿಮೆ ಅಂಕಕ್ಕೆ ಕಾರಣ ಹೇಳುವ ಹಕ್ಕು ನಿಮ್ಮದಲ್ಲ. ಅನಾರೋಗ್ಯವೋ ಮನೆಯ ತೊಂದರೆಯೋ ಇದ್ದರೆ ಅದನ್ನು ಹೇಳಬೇಕೇ ಬೇಡವೇ ಎಂಬುದನ್ನು ಅವರೇ ನಿರ್ಧರಿಸಲಿ, ಹೇಳುವುದಾದರೆ ತಮ್ಮ ಉದ್ದೇಶ ಪತ್ರದಲ್ಲಿ ಹೇಳಲಿ. ‘ಅಂಕಗಳು ಕಡಿಮೆ ಇದ್ದರೂ’ ಎಂದು ನೀವು ಆರಂಭಿಸಿದರೆ, ಅಂಕಪಟ್ಟಿಯನ್ನು ಹಾಗೇ ದಾಟಿಹೋಗುತ್ತಿದ್ದವರೂ ಹಿಂದಿರುಗಿ ನೋಡುತ್ತಾರೆ. ನೀವು ಮಾಡಬಹುದಾದದ್ದು ಬೇರೆ. ಅಂಕಪಟ್ಟಿ ಎಬ್ಬಿಸುವ ಅನುಮಾನ ಏನೆಂದು ಯೋಚಿಸಿ. ಸಂಖ್ಯಾಶಾಸ್ತ್ರದಲ್ಲಿ ಅಂಕ ಕಡಿಮೆಯಿದ್ದರೆ, ಕಠಿಣ ಗಣಿತವನ್ನು ಇವರು ಅರಗಿಸಿಕೊಳ್ಳಬಲ್ಲರೇ ಎಂಬುದೇ ಆ ಅನುಮಾನ. ಕೆಲಸದಲ್ಲಿ ಅದಕ್ಕೆ ಉತ್ತರವಾಗುವ ಸಂಗತಿ ನಡೆದಿದೆಯೇ? ಉದಾಹರಣೆಗೆ, ಎರಡು ವಿನ್ಯಾಸಗಳಲ್ಲಿ ಯಾವುದು ಉತ್ತಮ ಎಂದು ಅಳೆಯುವ ಪರೀಕ್ಷೆ ನಡೆಸುವಾಗ, ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ತೀರ್ಮಾನಿಸಲು ಎಷ್ಟು ಬಳಕೆದಾರರು ಬೇಕು ಎಂಬುದನ್ನು ಅವರೇ ಓದಿಕೊಂಡು ಲೆಕ್ಕ ಹಾಕಿದ್ದರೆ, ತಂಡ ಆತುರಪಟ್ಟಾಗ ‘ಇನ್ನೂ ಒಂದು ವಾರ ಕಾಯಬೇಕು’ ಎಂದು ತಡೆದಿದ್ದರೆ, ಅದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಅಂಕದ ಸುದ್ದಿಯನ್ನೇ ಎತ್ತಬೇಡಿ. ಸಮಿತಿಯವರು ಎರಡನ್ನೂ ತಾವೇ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಅಂಥ ಸಂಗತಿ ಇಲ್ಲದಿದ್ದರೆ ಸುಮ್ಮನಿರಿ.

ಪೋರ್ಟಲ್‌ನ ಶೇಕಡಾ ಕೋಷ್ಟಕದ ಬಗ್ಗೆ ಹೆಚ್ಚಿನವರು ಎಡವುತ್ತಾರೆ. ಎಲ್ಲ ಗುಣಗಳಿಗೂ ಕಣ್ಣುಮುಚ್ಚಿ ‘ಮೊದಲ ಶೇ. 1’ ಎಂದು ಗುರುತು ಹಾಕಿದರೆ ಉಪಕಾರ ಮಾಡಿದಂತೆ ಅನಿಸುತ್ತದೆ. ಆದರೆ ಶೇ. 1 ಎಂದರೆ ನೂರರಲ್ಲಿ ಒಬ್ಬರು. ನೀವು ಈವರೆಗೆ ಇದೇ ಹಂತದ ಹನ್ನೆರಡು ಕಿರಿಯರನ್ನು ನೋಡಿಕೊಂಡಿದ್ದು ಇವರು ಅವರೆಲ್ಲರಲ್ಲಿ ಮೊದಲಿಗರಾದರೆ, ನಿಮ್ಮ ಅನುಭವ ಹೇಳಬಲ್ಲದ್ದು ಹನ್ನೆರಡರಲ್ಲಿ ಒಬ್ಬರು, ಅಂದರೆ ಸುಮಾರು ಶೇ. 8. ಪ್ರಾಮಾಣಿಕ ಗುರುತು ‘ಮೊದಲ ಶೇ. 10’ರ ಅಂಕಣದಲ್ಲಿ ಬೀಳುತ್ತದೆ. ಅದೇನೂ ಕಡಿಮೆಯಲ್ಲ. ಕೋಷ್ಟಕದಲ್ಲಿ ಏರಿಳಿತ ಇದ್ದರೆ ನೀವು ಯೋಚಿಸಿ ತುಂಬಿದ್ದೀರಿ ಎಂಬ ನಂಬಿಕೆ ಬರುತ್ತದೆ. ಸ್ವತಂತ್ರ ಚಿಂತನೆಯಲ್ಲಿ ‘ಮೊದಲ ಶೇ. 10’ರ ಗುರುತು, ಸಭೆಯಲ್ಲಿ ಮಾತನಾಡುವುದರಲ್ಲಿ ಒಂದು ಮೆಟ್ಟಿಲು ಕೆಳಗೆ ಎಂದಿದ್ದರೆ ಮೇಲಿನ ಗುರುತಿಗೂ ಬೆಲೆ ಬರುತ್ತದೆ. ಬಹಳ ಫಾರಂಗಳಲ್ಲಿ ‘ಹೇಳಲು ಆಧಾರವಿಲ್ಲ’ ಎಂಬ ಅಂಕಣವೂ ಇರುತ್ತದೆ. ಬೋಧನಾ ಸಾಮರ್ಥ್ಯದಂಥ ನೀವು ನೋಡದ ವಿಷಯಕ್ಕೆ ಅದನ್ನೇ ಬಳಸಿ.

ಪತ್ರದಲ್ಲೂ ಹೋಲಿಕೆಯ ಒಂದು ವಾಕ್ಯ ಇರಲೇಬೇಕು, ಮತ್ತು ಅದು ಕೋಷ್ಟಕದೊಂದಿಗೆ ಹೊಂದಬೇಕು. “ನಾನು ನೇರವಾಗಿ ಮಾರ್ಗದರ್ಶನ ಮಾಡಿದ ಹನ್ನೆರಡು ಕಿರಿಯ ಎಂಜಿನಿಯರುಗಳಲ್ಲಿ, ಸಮಸ್ಯೆಯ ಮೂಲ ಹುಡುಕುವ ವಿಷಯದಲ್ಲಿ ಇವರು ಎಲ್ಲರಿಗಿಂತ ಮುಂದಿದ್ದಾರೆ” ಎಂದರೆ ಅಳತೆಗೋಲು ಏನೆಂದು ಓದುವವರಿಗೆ ಗೊತ್ತಾಗುತ್ತದೆ. ‘ನಾನು ಕಂಡ ಅತ್ಯುತ್ತಮ ಪ್ರತಿಭೆಗಳಲ್ಲಿ ಒಬ್ಬರು’ ಎಂಬುದಕ್ಕೆ ಅಳತೆಗೋಲೇ ಇಲ್ಲ. ಇದೇ ಕಾರಣಕ್ಕೆ ಮೊದಲ ಪ್ಯಾರಾದಲ್ಲಿ ನೀವು ಯಾರು, ಎಷ್ಟು ಕಾಲದಿಂದ, ಎಷ್ಟು ಹತ್ತಿರದಿಂದ ಇವರ ಕೆಲಸ ನೋಡಿದ್ದೀರಿ ಎಂದು ಎರಡು ಮೂರು ವಾಕ್ಯದಲ್ಲಿ ಹೇಳಿ. ಪ್ರತಿ ವಾರ ಅವರ ಕೋಡ್ ಪರಿಶೀಲಿಸುತ್ತಿದ್ದವರ ಮಾತಿಗೂ ತಿಂಗಳಿಗೊಮ್ಮೆ ಸಭೆಯಲ್ಲಿ ನೋಡುತ್ತಿದ್ದ ನಿರ್ದೇಶಕರ ಮಾತಿಗೂ ಅಂತರವಿದೆ. ದೊಡ್ಡ ಹುದ್ದೆಯವರ ಸಹಿಗಾಗಿ ಅಲೆಯುವ ಅರ್ಜಿದಾರರು ಇದನ್ನು ಮರೆಯುತ್ತಾರೆ. ನಿಮ್ಮ ಸಹೋದ್ಯೋಗಿ ನಿಮ್ಮನ್ನೇ ಕೇಳಿದ್ದು ಜಾಣತನ.

ನಿಮ್ಮ ಸಹೋದ್ಯೋಗಿ ಮಹಿಳೆಯೋ ಪುರುಷರೋ ನೀವು ಹೇಳಿಲ್ಲ. ಮಹಿಳೆಯಾಗಿದ್ದರೆ ಕರಡನ್ನು ಇನ್ನೊಮ್ಮೆ ಓದಿ. ಅಮೆರಿಕದ ವೈದ್ಯಕೀಯ ಶಾಲೆಯೊಂದರ ಬೋಧಕ ಹುದ್ದೆಗಳಿಗೆ ಬಂದಿದ್ದ ಮುನ್ನೂರಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನು ಸಂಶೋಧಕಿಯರಾದ ಫ್ರಾನ್ಸಿಸ್ ಟ್ರಿಕ್ಸ್ ಮತ್ತು ಕ್ಯಾರೊಲಿನ್ ಸೆಂಕಾ ಪರಿಶೀಲಿಸಿ 2003ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಮಹಿಳೆಯರ ಬಗೆಗಿನ ಪತ್ರಗಳು ಸರಾಸರಿಯಲ್ಲಿ ಗಿಡ್ಡವಾಗಿದ್ದವು, ಅವುಗಳಲ್ಲಿ ಅನುಮಾನ ಹುಟ್ಟಿಸುವ ಮಾತುಗಳು ಹೆಚ್ಚಿದ್ದವು, ಸಂಶೋಧನೆಗಿಂತ ಶ್ರಮವನ್ನು ಕೊಂಡಾಡುವ ಪದಗಳು ಹೆಚ್ಚು ಬಳಕೆಯಾಗಿದ್ದವು. ಬರೆದವರಿಗೆ ಕೆಟ್ಟ ಉದ್ದೇಶವಿತ್ತೆಂದಲ್ಲ, ಕೈ ತಾನಾಗಿ ಆ ಕಡೆ ಹೋಗುತ್ತದೆ. ‘ಶ್ರಮಜೀವಿ’ ಎಂದೇ ನಿಮ್ಮ ಕರಡೂ ಆರಂಭವಾಗಿದೆ. ಇದೇ ಸಾಧನೆಯನ್ನು ಪುರುಷ ಸಹೋದ್ಯೋಗಿ ಮಾಡಿದ್ದರೆ ನೀವು ಯಾವ ಪದ ಬಳಸುತ್ತಿದ್ದಿರಿ ಎಂದು ಒಮ್ಮೆ ಕೇಳಿಕೊಂಡರೆ ಸಾಕು.

ದೌರ್ಬಲ್ಯದ ಬಗ್ಗೆ ಕೆಲವು ಫಾರಂಗಳು ನೇರವಾಗಿ ಕೇಳುತ್ತವೆ. ‘ಅತಿಯಾಗಿ ದುಡಿಯುತ್ತಾರೆ’ ಎಂಬ ಹಳಸಲು ಉತ್ತರ ಬೇಡ. ನಿಜವಾದ, ಆದರೆ ತಿದ್ದಿಕೊಳ್ಳಬಲ್ಲ ಕೊರತೆಯನ್ನು ಹೇಳಿ, ತಿದ್ದಿಕೊಂಡದ್ದಕ್ಕೆ ಸಾಕ್ಷಿ ಕೊಡಿ: ಮೊದಮೊದಲು ಸಹಾಯ ಕೇಳಲು ಹಿಂಜರಿದು ದಿನಗಟ್ಟಲೆ ಒಬ್ಬರೇ ಒದ್ದಾಡುತ್ತಿದ್ದರು, ಅರ್ಧ ದಿನ ಸಿಲುಕಿಕೊಂಡರೆ ಬಂದು ಹೇಳಬೇಕೆಂದು ನಾನು ಸೂಚಿಸಿದ ಮೇಲೆ ಹಾಗೆಯೇ ನಡೆದುಕೊಂಡರು. ಇಷ್ಟು ಸಾಕು. ಕೇಳದಿದ್ದರೆ ಇದನ್ನು ಹೇಳುವ ಅಗತ್ಯವಿಲ್ಲ.

ಉದ್ದ ಒಂದು ಪುಟ, ಹೆಚ್ಚೆಂದರೆ ಒಂದೂವರೆ. ಕೊನೆಯ ಪ್ಯಾರಾದಲ್ಲಿ ನಿಮ್ಮ ಶಿಫಾರಸು ಎಷ್ಟು ಗಟ್ಟಿಯಾದದ್ದು ಎಂದು ಸ್ಪಷ್ಟವಾಗಿ ಹೇಳಿ. ‘ಯಾವ ಹಿಂಜರಿಕೆಯೂ ಇಲ್ಲದೆ’ ಎಂಬ ಮಾತಿಗೆ ಈ ಲೋಕದಲ್ಲಿ ಅರ್ಥವಿದೆ, ಅದು ಇಲ್ಲದಿರುವುದಕ್ಕೂ ಅರ್ಥವಿದೆ. ಹಾಗೆ ಬರೆಯಲು ಮನಸ್ಸು ಒಪ್ಪದಿದ್ದರೆ ಅದನ್ನು ಸಹೋದ್ಯೋಗಿಗೆ ಈಗಲೇ ತಿಳಿಸಿ, ಬೇರೆಯವರನ್ನು ಕೇಳಲು ಅವರಿಗೆ ಸಮಯವಿರಲಿ.

ವ್ಯವಹಾರದ ಕೆಲವು ಸಂಗತಿಗಳು ಉಳಿದಿವೆ. ಪತ್ರವನ್ನು ಸಾಮಾನ್ಯವಾಗಿ ಅರ್ಜಿದಾರರ ಕೈಗೆ ಕೊಡುವಂತಿಲ್ಲ. ಅವರು ಅರ್ಜಿಯಲ್ಲಿ ನಿಮ್ಮ ಹೆಸರು ನಮೂದಿಸಿದ ಕೂಡಲೇ ವಿಶ್ವವಿದ್ಯಾಲಯದಿಂದ ನಿಮಗೊಂದು ಕೊಂಡಿ ಬರುತ್ತದೆ, ಅದರ ಮೂಲಕ ನೀವೇ ಏರಿಸಬೇಕು. ಕಚೇರಿಯ ಮಿಂಚಂಚೆ ವಿಳಾಸವನ್ನೇ ಕೊಡಿ. ಉಚಿತ ವಿಳಾಸದಿಂದ ಬಂದ ಪತ್ರವನ್ನು ಕೆಲವೆಡೆ ಒಪ್ಪುವುದಿಲ್ಲ, ಒಪ್ಪಿದರೂ ನಿಮ್ಮ ಗುರುತನ್ನು ಮತ್ತೆ ಪರಿಶೀಲಿಸುತ್ತಾರೆ. ಕಚೇರಿಯ ಸರ್ವರ್ ಇಂಥ ಸಂದೇಶಗಳನ್ನು ಸ್ಪ್ಯಾಮ್ ಪೆಟ್ಟಿಗೆಗೆ ತಳ್ಳುವುದುಂಟು, ಅಲ್ಲೂ ನೋಡಿ. ಅಮೆರಿಕದ ಅರ್ಜಿಗಳಲ್ಲಿ, ಪತ್ರವನ್ನು ಮುಂದೆ ಓದುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ಅರ್ಜಿದಾರರನ್ನು ಕೇಳುತ್ತಾರೆ. ವಿದ್ಯಾರ್ಥಿಗಳ ದಾಖಲೆಗಳ ಕುರಿತ 1974ರ ಅಲ್ಲಿನ ಕಾನೂನು ಈ ಹಕ್ಕನ್ನು ಕೊಟ್ಟಿದೆ. ಬಿಟ್ಟುಕೊಟ್ಟರೆ ಪತ್ರದ ಮೇಲಿನ ವಿಶ್ವಾಸ ಹೆಚ್ಚು, ಹೆಚ್ಚಿನವರು ಬಿಟ್ಟುಕೊಡುತ್ತಾರೆ. ಐದಾರು ವಿಶ್ವವಿದ್ಯಾಲಯಗಳಿಗೆ ಒಂದೇ ಪತ್ರ ಕಳಿಸಬಹುದು, ಆದರೆ ಒಂದರ ಹೆಸರು ಇನ್ನೊಂದರ ಪತ್ರದಲ್ಲಿ ಉಳಿದುಬಿಡುವುದು ತೀರಾ ಸಾಮಾನ್ಯ. ಹೆಸರೇ ಹಾಕದೆ ‘ನಿಮ್ಮ ಸ್ನಾತಕೋತ್ತರ ಕಾರ್ಯಕ್ರಮ’ ಎಂದು ಬರೆದರೆ ಆ ಅಪಾಯವಿಲ್ಲ.

ಲೆಟರ್‌ಹೆಡ್ ವಿಷಯದಲ್ಲಿ ಮಾತ್ರ ಎಚ್ಚರ. ಕೆಲವು ಕಂಪನಿಗಳಲ್ಲಿ ಅದನ್ನು ಬಳಸಲು ಮಾನವ ಸಂಪನ್ಮೂಲ ವಿಭಾಗದ ಅನುಮತಿ ಬೇಕು, ಕೆಲವು ಕಡೆ ಶಿಫಾರಸು ಪತ್ರ ಕೊಡುವುದಕ್ಕೇ ನಿಷೇಧವಿದ್ದು ಸೇವಾವಧಿ ದೃಢೀಕರಣ ಪತ್ರವಷ್ಟೇ ಸಿಗುತ್ತದೆ. ಆದರೆ ನೀವು ಹೋಗಿ ಅನುಮತಿ ಕೇಳಿದರೆ, ಇವರು ಕೆಲಸ ಬಿಟ್ಟು ಓದಲು ಹೊರಟಿದ್ದಾರೆ ಎಂಬುದು ಅಂದೇ ಬಯಲಾಗುತ್ತದೆ. ಪ್ರವೇಶ ಸಿಗುವುದು ಇನ್ನೂ ಖಾತ್ರಿಯಿಲ್ಲದಿರುವಾಗ ಈ ಬಾರಿಯ ಬಡ್ತಿಯ ಮೇಲೆ, ಮುಂದಿನ ಯೋಜನೆಯ ಹಂಚಿಕೆಯ ಮೇಲೆ ಅದರ ನೆರಳು ಬೀಳಬಹುದು. ಆದ್ದರಿಂದ ಯಾರನ್ನೂ ಕೇಳುವ ಮೊದಲು ನಿಮ್ಮ ಸಹೋದ್ಯೋಗಿಯ ಒಪ್ಪಿಗೆ ಪಡೆಯಿರಿ. ಅವರಿಗೆ ಇಷ್ಟವಿಲ್ಲದಿದ್ದರೆ ಮತ್ತು ನಿಮ್ಮ ಕಚೇರಿಯ ನಿಯಮ ವೈಯಕ್ತಿಕ ಪತ್ರಕ್ಕೆ ಅವಕಾಶ ಕೊಡುವುದಾದರೆ, ಬಿಳಿ ಹಾಳೆಯಲ್ಲಿ ನಿಮ್ಮ ಹೆಸರು, ಹುದ್ದೆ, ದೂರವಾಣಿ ಸಂಖ್ಯೆ ಹಾಕಿ, ಇದು ವೈಯಕ್ತಿಕ ಅಭಿಪ್ರಾಯ ಎಂದು ಒಂದು ಸಾಲು ಸೇರಿಸಿ ಸಹಿ ಮಾಡಿ. ಆ ವಿಶ್ವವಿದ್ಯಾಲಯ ಲೆಟರ್‌ಹೆಡ್ ಕಡ್ಡಾಯ ಮಾಡಿದೆಯೇ ಎಂಬುದನ್ನು ಅರ್ಜಿಯ ಸೂಚನೆಗಳಲ್ಲಿ ನೋಡಿಕೊಳ್ಳುವ ಕೆಲಸವನ್ನು ಅವರಿಗೇ ಒಪ್ಪಿಸಿ.